ಅರ್ಧ ಗಂಟೆಯ ಭಾಷಣ, ಒಂದೇ ಪ್ಯಾರಾ: ಕಾಲೇಜು ವಾರ್ಷಿಕ ಸಂಚಿಕೆಗೆ ಮುಖ್ಯ ಅತಿಥಿಗಳ ಮಾತನ್ನು ಇಳಿಸುವ ಬಗೆ

ಯಾವುದೇ ಕಾಲೇಜಿನ ವಾರ್ಷಿಕ ಸಂಚಿಕೆ ತೆಗೆದು ವರದಿಗಳ ಪುಟ ನೋಡಿ. "ಮುಖ್ಯ ಅತಿಥಿಗಳಾಗಿ ಆಗಮಿಸಿದ್ದ ಶ್ರೀಯುತರು ವಿದ್ಯಾರ್ಥಿಗಳು ಪರಿಶ್ರಮದಿಂದ ಓದಿ ಉತ್ತಮ ಪ್ರಜೆಗಳಾಗಬೇಕೆಂದು ಕರೆ ನೀಡಿದರು" ಎಂಬ ಸಾಲು ಸಿಕ್ಕೇ ಸಿಗುತ್ತದೆ. ಬಂದವರು ವೈದ್ಯರೋ, ಕವಿಯೋ, ಪೊಲೀಸ್ ಅಧಿಕಾರಿಯೋ ಆ ಸಾಲಿನಿಂದ ಗೊತ್ತಾಗುವುದಿಲ್ಲ. ಹೆಸರು ಬದಲಾಯಿಸಿ ಮುಂದಿನ ವರ್ಷವೂ ಅದನ್ನೇ ಹಾಕಬಹುದು. ಕೆಲವು ಕಡೆ ಹಾಗೆ ಹಾಕುತ್ತಾರೆ ಕೂಡ.

ಬರೆಯುವವರು ಸೋಮಾರಿಗಳು ಅಂತ ಹೀಗಾಗುವುದಲ್ಲ. ಕಾರ್ಯಕ್ರಮ ಜೂನ್‌ನಲ್ಲಿ ನಡೆದಿರುತ್ತದೆ, ಸಂಚಿಕೆಯ ಕೆಲಸ ಫೆಬ್ರವರಿಯಲ್ಲಿ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಯಾರಿಗೂ ಏನೂ ನೆನಪಿರುವುದಿಲ್ಲ. ಆದರೆ ಈಗ ಬಹುತೇಕ ಭಾಷಣಗಳ ರೆಕಾರ್ಡಿಂಗ್ ಯಾರದ್ದಾದರೂ ಫೋನಿನಲ್ಲಿ ಇದ್ದೇ ಇರುತ್ತದೆ. ಅದನ್ನು ಹಿಡಿದುಕೊಂಡು, ಆ ಅತಿಥಿ ಮಾತ್ರ ಹೇಳಬಹುದಾಗಿದ್ದ ಮಾತು ಉಳಿಯುವ ಹಾಗೆ ನೂರರಿಂದ ನೂರೈವತ್ತು ಪದಗಳ ಪ್ಯಾರಾ ಮಾಡುವುದು ಹೇಗೆ ಎಂದು ನೋಡೋಣ.

ಅಭ್ಯಾಸಕ್ಕೆ ಒಂದು ಭಾಷಣವನ್ನು ಕಲ್ಪಿಸಿಕೊಳ್ಳೋಣ. ಕಾಲೇಜಿನ ಯುವ ರೆಡ್‌ಕ್ರಾಸ್ ಘಟಕ ಜೂನ್ 14ರಂದು ವಿಶ್ವ ರಕ್ತದಾನಿಗಳ ದಿನ ಆಚರಿಸಿದೆ. ಮುಖ್ಯ ಅತಿಥಿ ಒಬ್ಬ ರಕ್ತನಿಧಿಯ ವೈದ್ಯಾಧಿಕಾರಿ. ಅವರು 26 ನಿಮಿಷ ಮಾತಾಡಿದ್ದಾರೆ. ನಿಮಿಷಕ್ಕೆ ಸುಮಾರು ನೂರು ಪದ ಎಂದಿಟ್ಟುಕೊಂಡರೂ ಎರಡೂವರೆ ಸಾವಿರ ಪದ ದಾಟುತ್ತದೆ. ನಿಮಗಿರುವ ಜಾಗ ಅದರಲ್ಲಿ ಇಪ್ಪತ್ತನೆಯ ಒಂದು ಭಾಗ. ಅಂದರೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಸೇರಿಸುವ ಯೋಚನೆ ಮೊದಲೇ ಬಿಡಬೇಕು. ಹತ್ತು ವಿಷಯಕ್ಕೆ ಹತ್ತು ಸಾಲು ಕೊಟ್ಟರೆ ಹತ್ತೂ ಮಸುಕಾಗುತ್ತವೆ.

ಮೊದಲು ಕೈಗೆ ಬೇಕಾದ್ದು

ರೆಕಾರ್ಡಿಂಗ್ ವಾಟ್ಸಾಪ್‌ನಲ್ಲಿ ಬಂದಿದ್ದರೆ ಅದರ ಹೆಸರು ನೋಡಿ ಏನೂ ತಿಳಿಯುವುದಿಲ್ಲ. ಡೌನ್‌ಲೋಡ್ ಮಾಡಿ `2024-06-14_redcross_atithi.mp3` ಎನ್ನುವ ಹಾಗೆ ಹೆಸರಿಡಿ. ದಿನಾಂಕ ಮುಂದಿದ್ದರೆ ವರ್ಷದ ಎಲ್ಲ ಕಾರ್ಯಕ್ರಮಗಳ ಫೈಲುಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡಿ.

ಜೊತೆಗೆ ಆಹ್ವಾನ ಪತ್ರಿಕೆ ಬೇಕು. ಅತಿಥಿಯ ಹೆಸರಿನ ಕಾಗುಣಿತ, ಇನಿಷಿಯಲ್, ಹುದ್ದೆ ಎಲ್ಲವನ್ನೂ ಅದರಿಂದಲೇ ತೆಗೆದುಕೊಳ್ಳಿ. ನಿರೂಪಕರ ಬಾಯಲ್ಲಿ ಕೇಳಿದ್ದನ್ನು ನಂಬಬೇಡಿ, ಅವಸರದಲ್ಲಿ ಅವರು ಅರ್ಧ ಹುದ್ದೆ ನುಂಗಿರುತ್ತಾರೆ. ಆದರೆ ಪತ್ರಿಕೆಯಲ್ಲಿ ಅಚ್ಚಾದವರೇ ಬಂದಿದ್ದರೇ, ಅಥವಾ ಕೊನೆಗಳಿಗೆಯಲ್ಲಿ ಬೇರೆಯವರು ಬಂದಿದ್ದರೇ ಎಂದು ಕಾರ್ಯಕ್ರಮ ನಡೆಸಿದ ಅಧ್ಯಾಪಕರನ್ನು ಕೇಳಿಬಿಡಿ. ಸಂಪಾದಕ ಮಂಡಳಿಯಿಂದ ಪದಮಿತಿಯನ್ನೂ ಈಗಲೇ ತಿಳಿದುಕೊಳ್ಳಿ. ಬರೆದು ಮುಗಿಸಿದ ಮೇಲೆ ಅರ್ಧಕ್ಕೆ ಇಳಿಸಿ ಅಂದರೆ ಮತ್ತೆ ಮೊದಲಿನಿಂದ ಕೂರಬೇಕಾಗುತ್ತದೆ.

ಮೊದಲ ಸಲ ಸುಮ್ನೆ ಕೇಳಿ

ಪೆನ್ನು ಹಿಡಿಯಬೇಡಿ. ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಭಾಷಣ ಕೇಳಿ. ಮುಗಿದ ಕೂಡಲೇ ಒಂದೇ ಸಾಲು ಬರೆಯಿರಿ: ಅವರು ಏನು ಹೇಳಿದರು? ಗೆಳೆಯರು ಕೇಳಿದರೆ ಹೇಗೆ ಹೇಳುತ್ತೀರೋ ಹಾಗೆ. "ರಕ್ತದಾನ ಮಾಡಿ ಅಂದ್ರು" ಎಂದು ಬರೆದರೆ ಅದು ಸಾಲದು. ರಕ್ತದಾನಿಗಳ ದಿನದಂದು ಬೇರೆ ಇನ್ನೇನು ಹೇಳುತ್ತಾರೆ? "ಒಂದೇ ದಿನ ಎಲ್ಲರೂ ಬಂದು ಕೊಡಬೇಡಿ ಅಂದ್ರು" ಎಂದು ಬರೆದಿದ್ದರೆ ನಿಮ್ಮ ಕಿವಿಗೆ ಏನೋ ಸಿಕ್ಕಿದೆ. ಈ ಸಾಲನ್ನು ಎತ್ತಿಡಿ. ಇದು ಕೊನೆಗೆ ಸರಿಯಾಗಿಯೇ ಇರಬೇಕೆಂದಿಲ್ಲ, ಆದರೆ ಎರಡನೇ ಸಲ ಕೇಳುವಾಗ ಯಾವುದನ್ನು ಹುಡುಕಬೇಕು ಎಂದು ತೋರಿಸುತ್ತದೆ.

ಪೂರ್ತಿ ಭಾಷಣವನ್ನು ಮೊದಲೇ ಅಕ್ಷರಕ್ಕೆ ಇಳಿಸಿಕೊಂಡು ಆಮೇಲೆ ಕತ್ತರಿಸೋಣ ಎಂದು ಹಲವರಿಗೆ ಅನಿಸುತ್ತದೆ. ನನ್ನ ಪ್ರಕಾರ ಅದು ಬೇಡ. 26 ನಿಮಿಷವನ್ನು ಕೈಯಿಂದ ಟೈಪ್ ಮಾಡಲು ಮೂರು ನಾಲ್ಕು ಗಂಟೆಯಾದರೂ ಹಿಡಿಯುತ್ತದೆ. ಕಷ್ಟಪಟ್ಟು ಟೈಪ್ ಮಾಡಿದ ಸಾಲುಗಳನ್ನು ಬಿಡಲು ಆಮೇಲೆ ಮನಸ್ಸೂ ಬರುವುದಿಲ್ಲ.

ಎರಡನೇ ಸಲ: ಸಮಯದ ನಕ್ಷೆ

ಈಗ ಕಂಪ್ಯೂಟರಿನಲ್ಲಿ ಕೇಳಿ. ವಿಎಲ್‌ಸಿ ಪ್ಲೇಯರ್ ಇದ್ದರೆ ಸಾಕು. ವಿಂಡೋಸ್‌ನಲ್ಲಿ `Shift + ←` ಒತ್ತಿದರೆ ಮೂರು ಸೆಕೆಂಡ್ ಹಿಂದಕ್ಕೆ, `Alt + ←` ಒತ್ತಿದರೆ ಹತ್ತು ಸೆಕೆಂಡ್ ಹಿಂದಕ್ಕೆ ಹೋಗುತ್ತದೆ. `[` ಒತ್ತಿದರೆ ವೇಗ ಸ್ವಲ್ಪ ಇಳಿಯುತ್ತದೆ, `]` ಒತ್ತಿದರೆ ಏರುತ್ತದೆ, `=` ಒತ್ತಿದರೆ ಮಾಮೂಲಿಗೆ ಬರುತ್ತದೆ. ಬೇಕಾದ ನಿಮಿಷಕ್ಕೆ ನೇರವಾಗಿ ಹೋಗಲು `Ctrl + T`.

ವಿಷಯ ಬದಲಾದಾಗಲೆಲ್ಲ ಸಮಯ ಬರೆದು ಪಕ್ಕದಲ್ಲಿ ನಾಲ್ಕೈದು ಪದ ಹಾಕಿ. ನಮ್ಮ ಭಾಷಣದ ನಕ್ಷೆ ಹೀಗೆ ಬರುತ್ತದೆ:

00:00 ವೇದಿಕೆ ಮೇಲಿನವರ ಹೆಸರು, ನಮಸ್ಕಾರ, ಕಾಲೇಜಿನ ಹೊಗಳಿಕೆ
03:40 ಈ ದಿನ ಯಾಕೆ: ಲ್ಯಾಂಡ್‌ಸ್ಟೈನರ್ ಹುಟ್ಟಿದ ದಿನ, ರಕ್ತದ ಗುಂಪುಗಳು
06:15 ಹೌಸ್ ಸರ್ಜನ್ ಆಗಿದ್ದಾಗಿನ ಕತೆ, ಅಪಘಾತ, ರಾತ್ರಿ ಬಂದ ಹುಡುಗ
13:30 ರಕ್ತ ಕೊಟ್ಟರೆ ನಿಶ್ಶಕ್ತಿ ಬರುತ್ತದಾ, ಭಯಗಳು, ಒಂದು ಜೋಕ್
17:05 ಒಂದೇ ದಿನದ ಶಿಬಿರ ಸಾಲದು, ಎಷ್ಟು ದಿನ ಇಡಬಹುದು
20:50 ಪ್ರತಿ ತರಗತಿಯೂ ಪಟ್ಟಿ ಮಾಡಿ
22:10 ಮೊಬೈಲ್ ಜಾಸ್ತಿ ನೋಡಬೇಡಿ, ತಂದೆ ತಾಯಿ, ವಚನ, ಶುಭಾಶಯ

ಕಾಗದದ ಮೇಲೆ ಇದು ಬಂದ ಮೇಲೆ ಒಂದು ವಿಚಿತ್ರ ಕಾಣುತ್ತದೆ. ಜಾಸ್ತಿ ಹೊತ್ತು ಆಡಿದ ಮಾತು ಅಪಘಾತದ ಕತೆ, ಏಳು ನಿಮಿಷಕ್ಕೂ ಹೆಚ್ಚು. ಮೊದಲ ಸಲ ಕೇಳಿದಾಗ ನಿಮಗೆ ನೆನಪುಳಿದ ಮಾತು 17ನೇ ನಿಮಿಷದ ನಂತರದ್ದು, ಅದಕ್ಕೆ ಸಿಕ್ಕಿರುವುದು ನಾಲ್ಕು ನಿಮಿಷವೂ ಇಲ್ಲ. ಇಲ್ಲೇ ಬಹಳ ವರದಿಗಳು ದಾರಿ ತಪ್ಪುವುದು. ನಿಮಿಷ ನೋಡಿ ಸಾಲು ಹಂಚುತ್ತಾರೆ. ಸಭೆಯನ್ನು ಹಿಡಿದಿಡಲು ಭಾಷಣಕಾರರು ಕತೆಗೆ ಸಮಯ ಕೊಡುತ್ತಾರೆ, ಓದುಗರಿಗೆ ಆ ಅಗತ್ಯ ಇಲ್ಲ.

ಒಳಗಿನ ಮಾತನ್ನು ಹುಡುಕುವುದು

ಇಡೀ ಕೆಲಸದಲ್ಲಿ ಬುದ್ಧಿ ಖರ್ಚಾಗುವ ಜಾಗ ಇದೊಂದೇ, ಹಾಗಾಗಿ ಅವಸರ ಬೇಡ. ನಕ್ಷೆಯ ಪ್ರತಿ ಸಾಲಿಗೂ ಒಂದು ಪ್ರಶ್ನೆ ಹಾಕಿ: ಈ ಮಾತನ್ನು ಈ ವೇದಿಕೆಯಲ್ಲಿ ಬೇರೆ ಯಾರಾದರೂ ಹೇಳಬಹುದಿತ್ತಾ? ಕಾಲೇಜಿನ ಹೊಗಳಿಕೆಯನ್ನು ಯಾರು ಬೇಕಾದರೂ ಹೇಳುತ್ತಾರೆ. ಮೊಬೈಲ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಬಿಡಿ. ಲ್ಯಾಂಡ್‌ಸ್ಟೈನರ್ ವಿಷಯ ಪುಸ್ತಕದಲ್ಲಿದೆ. ಭಯಗಳ ಬಗ್ಗೆ ಆಡಿದ ಮಾತು ಉಪಯುಕ್ತವೇ, ಆದರೆ ಪ್ರತಿ ಶಿಬಿರದ ಕರಪತ್ರದಲ್ಲೂ ಅದು ಇರುತ್ತದೆ. "ಒಂದೇ ದಿನ ಇಷ್ಟೊಂದು ರಕ್ತ ಬಂದರೆ ನಮಗೆ ಕಷ್ಟ" ಎಂದು ಹೇಳಬಲ್ಲವರು ರಕ್ತನಿಧಿಯೊಳಗೆ ಕೆಲಸ ಮಾಡುವವರು ಮಾತ್ರ. ಅದು ಶಿಬಿರ ಮಾಡಿ ಬೀಗುವ ಕಾಲೇಜಿಗೆ ಸ್ವಲ್ಪ ಕಸಿವಿಸಿ ತರುವ ಮಾತು ಕೂಡ. ಕಸಿವಿಸಿ ತರುವ ಮಾತಿದ್ದರೆ ಅಲ್ಲಿ ಸಾಮಾನ್ಯವಾಗಿ ಏನೋ ಇರುತ್ತದೆ.

ಇನ್ನೊಂದು ಗುರುತು ದನಿಯಲ್ಲೇ ಸಿಗುತ್ತದೆ. ತಮಗೆ ಮುಖ್ಯ ಅನಿಸಿದ್ದನ್ನು ಹೇಳುವಾಗ ಭಾಷಣಕಾರರು ನಿಧಾನ ಮಾಡುತ್ತಾರೆ. "ನೋಡಿ", "ನಾನು ಹೇಳೋದು ಇಷ್ಟೇ", "ಇದೊಂದು ನೆನಪಿಟ್ಕೊಳ್ಳಿ" ಎಂಬ ಮಾತುಗಳು ಬರುತ್ತವೆ. ಹೇಳಿದ್ದನ್ನೇ ಇನ್ನೊಂದು ಬಗೆಯಲ್ಲಿ ಮತ್ತೆ ಹೇಳುತ್ತಾರೆ. ಚಪ್ಪಾಳೆಯನ್ನು ಮಾತ್ರ ಗುರುತು ಅಂದುಕೊಳ್ಳಬೇಡಿ. ಅದು ಜೋಕಿಗೂ ಬೀಳುತ್ತದೆ, ಪ್ರಿನ್ಸಿಪಾಲರ ಹೆಸರಿಗೂ ಬೀಳುತ್ತದೆ.

ಒಳಗಿನ ಮಾತು ಗೊತ್ತಾದ ಮೇಲೆ ಅದಕ್ಕೆ ಆಧಾರವಾಗಿ ನಿಲ್ಲುವ ಎರಡು ಮೂರು ಸಂಗತಿಗಳನ್ನು ಮಾತ್ರ ಆರಿಸಿ. ನಮ್ಮಲ್ಲಿ ಅವು ಎಷ್ಟು ದಿನ ಇಡಬಹುದು ಎಂಬ ಲೆಕ್ಕ, ತರಗತಿವಾರು ಪಟ್ಟಿಯ ಸಲಹೆ, ಮತ್ತು ಅಪಘಾತದ ಕತೆಯ ಒಂದೇ ಎಳೆ: ಕರೆದ ಕೂಡಲೇ ರಾತ್ರಿ ಎದ್ದು ಬಂದ ಹುಡುಗ. ಉಳಿದ ಆರೂವರೆ ನಿಮಿಷದ ಕತೆ ಬೇಡ. ಕರೆದಾಗ ಬರುವ ದಾನಿ ಬೇಕು ಎಂಬ ಮಾತಿಗೆ ಈ ಎಳೆ ಸೇರುತ್ತದೆ, ಅಷ್ಟಕ್ಕೇ ಅದು ಒಳಗೆ ಬಂದಿದ್ದು.

ಆ ನಾಲ್ಕು ನಿಮಿಷ ಅಕ್ಷರಕ್ಕೆ

ಈಗ 17:05ರಿಂದ 20:50ರವರೆಗೆ, ಜೊತೆಗೆ ಪಟ್ಟಿಯ ಮಾತನ್ನೂ ಸೇರಿಸಿ, ಹೇಳಿದ್ದನ್ನು ಹೇಳಿದ ಹಾಗೆಯೇ ಟೈಪ್ ಮಾಡಿ. ತಿದ್ದಬೇಡಿ. ಅದರ ಒಂದು ತುಂಡು ಹೀಗಿದೆ:

"ನೋಡಿ, ಎಲ್ರೂ ಜೂನ್ ಫೋರ್ಟೀನ್ತ್ ಬಂದ್ರೆ ಕ್ಯಾಂಪ್ ಮಾಡ್ತೀರ. ಒಂದೇ ದಿನ ಇನ್ನೂರು ಯೂನಿಟ್ ಬರುತ್ತೆ. ಖುಷಿನೇ. ಆಮೇಲೆ? ಪ್ಲೇಟ್‌ಲೆಟ್ಸ್‌ಗೆ ಫೈವ್ ಡೇಸ್ ಅಷ್ಟೇ ಲೈಫು. ರೆಡ್ ಸೆಲ್ಸು ಫಾರ್ಟಿ ಟೂ ಡೇಸ್. ಅದಾದ್ಮೇಲೆ ಏನ್ ಮಾಡೋದು? ಬಿಸಾಕ್ಬೇಕು. ನಾನು ಹೇಳೋದು ಇಷ್ಟೇ. ಒಂದೇ ದಿನ ಇನ್ನೂರು ಜನ ಬರಬೇಡಿ. ನಮ್ಮ ಹತ್ರ ಒಂದು ಲಿಸ್ಟ್ ಇರ್ಲಿ. ಫೋನ್ ಮಾಡಿದ್ರೆ ಬರೋ ಇಪ್ಪತ್ತು ಜನ ಇದ್ರೆ ಅದೇ ನಮಗೆ ದೊಡ್ಡ ಬ್ಯಾಂಕು."

ಅಂಕಿಗಳ ಹತ್ತಿರ ಬಂದಾಗ ವೇಗ ಇಳಿಸಿ. ಸಭಾಂಗಣದ ಪ್ರತಿಧ್ವನಿಯಲ್ಲಿ "ಇನ್ನೂರು", "ಮುನ್ನೂರು" ಎರಡೂ ಒಂದೇ ಥರ ಕೇಳುತ್ತವೆ, ಮೊದಲ ಅಕ್ಷರವೇ ತೇಲಿಹೋಗಿರುತ್ತದೆ. ಮೈಕು ಒಂದು ಕ್ಷಣ ಕೈಕೊಟ್ಟರೆ "ಹದಿನೈದು" ಹೋಗಿ "ಐದು" ಆಗುತ್ತದೆ. "ಫಿಫ್ಟೀನ್", "ಫಿಫ್ಟಿ" ಬಗ್ಗೆ ಹೇಳುವುದೇ ಬೇಡ. ಅನುಮಾನ ಬಂದರೆ ಅದೇ ಅಂಕಿ ಮತ್ತೆಲ್ಲಾದರೂ ಬಂದಿದೆಯಾ ನೋಡಿ. ಇಲ್ಲಿ "ಇನ್ನೂರು" ಎರಡು ಸಲ ಬಂದಿದೆ, ಎರಡನೆಯದು ಸ್ಪಷ್ಟವಾಗಿದೆ, ಆದ್ದರಿಂದ ಚಿಂತೆ ಇಲ್ಲ. ಎಲ್ಲೂ ಸ್ಪಷ್ಟವಾಗದಿದ್ದರೆ ಅತಿಥಿಯನ್ನೇ ಕೇಳಬೇಕು. ಕೇಳಲು ಆಗದಿದ್ದರೆ ಅಂಕಿ ಬಿಟ್ಟು ಬರೆಯಬೇಕು. "ಸುಮಾರು" ಸೇರಿಸಿ ಊಹೆಯನ್ನು ಅಚ್ಚು ಹಾಕಿಸುವುದು ಸರಿಯಲ್ಲ.

ಇನ್ನೊಂದು ಬಲೆ ಇದೆ. ಅಪಘಾತದ ಕತೆಯಲ್ಲಿ, ಒಂಬತ್ತನೇ ನಿಮಿಷದ ಹತ್ತಿರ, ಇದೇ ವೈದ್ಯರು "ಆಗೆಲ್ಲ ರಕ್ತ ಮೂವತ್ತೈದು ದಿನ ಇಡ್ತಿದ್ವಿ" ಅಂದಿದ್ದಾರೆ. ಇಲ್ಲಿ ನೋಡಿದರೆ 42. ಬಾಯಿತಪ್ಪು ಇರಬೇಕು ಎಂದು ಒಂದನ್ನು ತಿದ್ದಿಬಿಡುವ ಆಸೆ ಆಗುತ್ತದೆ. ತಿದ್ದಬೇಡಿ. ಎರಡೂ ಸರಿ. ರಕ್ತವನ್ನು ಬೇರ್ಪಡಿಸದೆ ಇಡಿಯಾಗಿ, ಸಿಪಿಡಿಎ-1 ಎಂಬ ದ್ರಾವಣ ಇರುವ ಚೀಲದಲ್ಲಿ ಇಟ್ಟರೆ 35 ದಿನ. ಕೆಂಪು ರಕ್ತಕಣಗಳನ್ನು ಮಾತ್ರ ಬೇರ್ಪಡಿಸಿ ಪೋಷಕ ದ್ರಾವಣ ಸೇರಿಸಿ ತಣ್ಣಗೆ ಇಟ್ಟರೆ 42 ದಿನ. ಪ್ಲೇಟ್‌ಲೆಟ್‌ಗಳನ್ನು ಕೋಣೆಯ ಉಷ್ಣತೆಯಲ್ಲಿ ಅಲುಗಾಡಿಸುತ್ತಾ ಇಡಬೇಕು, ಅವು ಸಾಮಾನ್ಯವಾಗಿ 5 ದಿನ ಬರುತ್ತವೆ. ವರದಿಗೆ ಇಷ್ಟೆಲ್ಲ ಬೇಡ. ಆದರೆ "ರಕ್ತ 42 ದಿನ ಇರುತ್ತದೆ" ಎಂದು ಬರೆದರೆ ತಪ್ಪು, "ಕೆಂಪು ರಕ್ತಕಣ 42 ದಿನ" ಎಂದರೆ ಸರಿ. ತಜ್ಞರ ಭಾಷಣವನ್ನು ಚಿಕ್ಕದು ಮಾಡುವಾಗ ಮೊದಲು ಉದುರಿಹೋಗುವುದು ಇಂಥ ಒಂದು ಪದವೇ. ಅದು ಉದುರಿದರೆ ಸಾಲು ಸುಳ್ಳಾಗುತ್ತದೆ.

ಆಡುಮಾತಿನಿಂದ ವರದಿಯ ಮಾತಿಗೆ

ಭಾಷಣದಲ್ಲಿ ಇರುವ "ನಾನು, ನೀವು, ನಮ್ಮ, ಇವತ್ತು, ಇಲ್ಲಿ" ಎಲ್ಲವೂ ವರದಿಯಲ್ಲಿ ಬದಲಾಗುತ್ತವೆ. "ನಾನು ಹೌಸ್ ಸರ್ಜನ್ ಆಗಿದ್ದಾಗ" ಎಂಬುದು "ತಾವು ಹೌಸ್ ಸರ್ಜನ್ ಆಗಿದ್ದಾಗ" ಆಗುತ್ತದೆ. "ನೀವು ಲಿಸ್ಟ್ ಮಾಡಿ" ಎಂಬುದು "ವಿದ್ಯಾರ್ಥಿಗಳು ಪಟ್ಟಿ ಮಾಡಬೇಕು" ಆಗುತ್ತದೆ. ಜಾಸ್ತಿ ಎಡವುವುದು "ನಮ್ಮ" ಎಂಬಲ್ಲಿ. ವೈದ್ಯರು "ನಮ್ಮ ಹತ್ರ ಲಿಸ್ಟ್ ಇರ್ಲಿ" ಅಂದಾಗ ಅದು ರಕ್ತನಿಧಿ. ಕಾಲೇಜಿನ ಸಂಚಿಕೆಯಲ್ಲಿ "ನಮ್ಮಲ್ಲಿ ಪಟ್ಟಿ ಇರಬೇಕು" ಎಂದು ಬಂದರೆ ಓದುಗರು ಕಾಲೇಜು ಎಂದುಕೊಳ್ಳುತ್ತಾರೆ. ಹಾಗಾಗಿ "ರಕ್ತನಿಧಿಯ ಬಳಿ" ಎಂದೇ ಬಿಡಿಸಿ ಬರೆಯಿರಿ. "ಇಂದು", "ನಿನ್ನೆ" ಪತ್ರಿಕೆಗೆ ಸರಿ. ಸಂಚಿಕೆಯನ್ನು ಹತ್ತು ವರ್ಷದ ನಂತರವೂ ಯಾರೋ ತೆಗೆದು ನೋಡುತ್ತಾರೆ, ಅಲ್ಲಿ ಪೂರ್ತಿ ದಿನಾಂಕವೇ ಬೇಕು.

"ಆಮೇಲೆ? ಏನ್ ಮಾಡೋದು?" ಥರದ ಪ್ರಶ್ನೆಗಳು ಸಭೆಗೆ ಹಾಕಿದ್ದು, ಉತ್ತರಕ್ಕಾಗಿ ಅಲ್ಲ. ಅವನ್ನು ಹೇಳಿಕೆಯಾಗಿ ಮಾಡಿ. "ಬಿಸಾಕ್ಬೇಕು" ಎಂಬುದು "ವಿಲೇವಾರಿ ಮಾಡಬೇಕಾಗುತ್ತದೆ" ಆಗಬಹುದು. ಆದರೆ ಎಲ್ಲವನ್ನೂ ಗಂಭೀರ ಭಾಷೆಗೆ ಎಳೆದರೆ ಆಡಿದವರ ದನಿಯೇ ಹೋಗುತ್ತದೆ. ಒಂದೇ ಒಂದು ಸಾಲನ್ನು ಅವರ ಮಾತಿನಲ್ಲೇ, ಉದ್ಧರಣ ಚಿಹ್ನೆಯೊಳಗೆ ಇಟ್ಟುಕೊಳ್ಳಿ. ಇಲ್ಲಿ ಅದಕ್ಕೆ ತಕ್ಕದ್ದು ದೊಡ್ಡ ಬ್ಯಾಂಕಿನ ಸಾಲು. ಉದ್ಧರಣ ಚಿಹ್ನೆ ಹಾಕಿದ ಮೇಲೆ "ಮಾಡಿದ್ರೆ" ಎಂಬುದನ್ನು "ಮಾಡಿದರೆ" ಎಂದು ಬರೆಯಬಹುದು, ಪದ ಬದಲಿಸಬಾರದು.

ಇನ್ನು ಕ್ರಿಯಾಪದಗಳು. ವರದಿ ಬರೆಯುವವರ ಜೇಬಿನಲ್ಲಿ ಅಭಿಪ್ರಾಯಪಟ್ಟರು, ಕರೆ ನೀಡಿದರು, ಕಿವಿಮಾತು ಹೇಳಿದರು, ವಿಷಾದಿಸಿದರು, ಎಚ್ಚರಿಸಿದರು ಎಲ್ಲ ಸಿದ್ಧವಾಗಿ ಇರುತ್ತವೆ. ಬೇಸರವಾಗದಿರಲಿ ಎಂದು ಒಂದಾದ ಮೇಲೆ ಒಂದು ಹಾಕುತ್ತಾ ಹೋಗುತ್ತಾರೆ. ಆದರೆ ಪ್ರತಿಯೊಂದಕ್ಕೂ ಅದರದೇ ಕೆಲಸ ಇದೆ. "ಪ್ಲೇಟ್‌ಲೆಟ್‌ಗಳನ್ನು 5 ದಿನ ಮಾತ್ರ ಇಡಬಹುದು ಎಂದು ಅಭಿಪ್ರಾಯಪಟ್ಟರು" ಎಂದರೆ ನಗು ಬರುತ್ತದೆ, ಅದು ಅಭಿಪ್ರಾಯ ಅಲ್ಲ, ಸಂಗತಿ. ಅದಕ್ಕೆ ವಿವರಿಸಿದರು ಸರಿ. ದೊಡ್ಡ ಶಿಬಿರಕ್ಕಿಂತ ವರ್ಷವಿಡೀ ದಾನ ಮೇಲು ಎಂಬುದು ಅಭಿಪ್ರಾಯ. ಪಟ್ಟಿ ಮಾಡಿ ಅಂದದ್ದು ಸಲಹೆ. ದನಿ ಏರಿಸಿ ಸಭೆಯನ್ನೆಲ್ಲ ಕರೆದಿದ್ದರೆ ಮಾತ್ರ ಕರೆ. ಯಾವುದು ಹೊಂದುತ್ತದೋ ಗೊತ್ತಾಗದಿದ್ದರೆ "ಎಂದರು" ಯಾವತ್ತೂ ಮೋಸ ಮಾಡುವುದಿಲ್ಲ.

ಪ್ರತಿ ವಾಕ್ಯದ ಕೊನೆಗೂ "ಎಂದರು" ಬೇಕಿಲ್ಲ. ಪತ್ರಿಕೆಯವರು ಮಾಡುವುದನ್ನು ಗಮನಿಸಿ: ಮೊದಲ ವಾಕ್ಯದಲ್ಲಿ ಯಾರು ಹೇಳಿದ್ದು ಎಂದು ತಿಳಿಸುತ್ತಾರೆ, ನಡುವಿನ ಒಂದೆರಡು ವಾಕ್ಯಗಳನ್ನು ನೇರವಾಗಿ ಬಿಡುತ್ತಾರೆ, ಆಮೇಲೆ ಒಂದು "ಎಂದರು" ಹಾಕಿ ಕಟ್ಟುತ್ತಾರೆ. ಆದರೆ ನಡುವಿನ ವಾಕ್ಯಗಳು ಮೂರು ದಾಟಿದರೆ ಅದು ಅತಿಥಿಯ ಮಾತೋ ವರದಿಗಾರರ ಮಾತೋ ತಿಳಿಯದಾಗುತ್ತದೆ.

ಪ್ಯಾರಾ ಕಟ್ಟುವುದು

ಮೊದಲ ಕರಡು ಸಾಮಾನ್ಯವಾಗಿ ಹೀಗೆ ಬರುತ್ತದೆ: "ಕಾರ್ಯಕ್ರಮವು ಪ್ರಾರ್ಥನೆಯೊಂದಿಗೆ ಆರಂಭವಾಯಿತು. ಮುಖ್ಯ ಅತಿಥಿಗಳು ದೀಪ ಬೆಳಗಿಸಿ ಉದ್ಘಾಟಿಸಿದರು. ನಂತರ ಮಾತನಾಡಿದ ಅವರು ಲ್ಯಾಂಡ್‌ಸ್ಟೈನರ್ ಅವರ ಬಗ್ಗೆ ತಿಳಿಸಿದರು. ನಂತರ ತಮ್ಮ ಅನುಭವವನ್ನು ಹಂಚಿಕೊಂಡರು. ನಂತರ ರಕ್ತದಾನದ ಮಹತ್ವವನ್ನು ತಿಳಿಸಿದರು." ಇದರಲ್ಲಿ ಅತಿಥಿ ಯಾವುದರ ಬಗ್ಗೆ ಮಾತಾಡಿದರು ಎಂದು ಇದೆ, ಏನು ಹೇಳಿದರು ಎಂದು ಇಲ್ಲ. "ಮಹತ್ವವನ್ನು ತಿಳಿಸಿದರು" ಎಂಬ ಸಾಲು ಬಂದ ಕಡೆಯೆಲ್ಲ ನಿಲ್ಲಿ. ಏನು ಮಹತ್ವ ಎಂದು ಕೇಳಿಕೊಳ್ಳಿ, ಉತ್ತರವನ್ನೇ ಬರೆಯಿರಿ. "ನಂತರ" ಸಾಲುಗಟ್ಟಿ ಬಂದರೆ ನೀವು ಭಾಷಣದ ಕ್ರಮವನ್ನೇ ಹಿಡಿದು ಹೋಗುತ್ತಿದ್ದೀರಿ ಎಂದರ್ಥ. ಆ ಕ್ರಮಕ್ಕೆ ನೀವು ಕಟ್ಟುಬಿದ್ದಿಲ್ಲ. 17ನೇ ನಿಮಿಷದ ಮಾತು ಮೊದಲು ಬರಲಿ.

ಹೀಗೆ ಮಾಡಿದ ಮೇಲೆ ಬರುವ ಪ್ಯಾರಾ ಇದು. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ.

"ಕಾಲೇಜಿನ ಯುವ ರೆಡ್‌ಕ್ರಾಸ್ ಘಟಕವು 2024ರ ಜೂನ್ 14ರಂದು ವಿಶ್ವ ರಕ್ತದಾನಿಗಳ ದಿನವನ್ನು ಆಚರಿಸಿತು. ಒಂದೇ ದಿನ ದೊಡ್ಡ ಶಿಬಿರ ನಡೆಸುವುದಕ್ಕಿಂತ, ಕರೆದಾಗ ಬಂದು ರಕ್ತ ಕೊಡುವ ದಾನಿಗಳು ವರ್ಷವಿಡೀ ಸಿಗುವುದು ಮುಖ್ಯ ಎಂದು ಮುಖ್ಯ ಅತಿಥಿ, ರಕ್ತನಿಧಿಯ ವೈದ್ಯಾಧಿಕಾರಿ ಡಾ. ............ ಅಭಿಪ್ರಾಯಪಟ್ಟರು. ಬೇರ್ಪಡಿಸಿದ ಪ್ಲೇಟ್‌ಲೆಟ್‌ಗಳನ್ನು 5 ದಿನ, ಕೆಂಪು ರಕ್ತಕಣಗಳನ್ನು 42 ದಿನ ಮಾತ್ರ ಇಡಬಹುದು. ಒಂದೇ ದಿನ 200 ಯೂನಿಟ್ ಸಂಗ್ರಹವಾದರೆ, ಈ ಅವಧಿಯೊಳಗೆ ಬಳಕೆಯಾಗದೆ ಉಳಿದದ್ದನ್ನು ವಿಲೇವಾರಿ ಮಾಡಬೇಕಾಗುತ್ತದೆ ಎಂದು ವಿವರಿಸಿದರು. ತಾವು ಹೌಸ್ ಸರ್ಜನ್ ಆಗಿದ್ದಾಗ, ಅಪಘಾತದಲ್ಲಿ ಗಾಯಗೊಂಡವರೊಬ್ಬರಿಗಾಗಿ ಕರೆ ಹೋದ ಕೂಡಲೇ ರಾತ್ರಿಯಲ್ಲಿ ಎದ್ದು ಬಂದ ಯುವಕನನ್ನು ನೆನೆದ ಅವರು, 'ಫೋನ್ ಮಾಡಿದರೆ ಬರೋ ಇಪ್ಪತ್ತು ಜನ ಇದ್ದರೆ ಅದೇ ನಮಗೆ ದೊಡ್ಡ ಬ್ಯಾಂಕು' ಎಂದರು. ಪ್ರತಿ ತರಗತಿಯೂ ದಾನಿಗಳ ಪಟ್ಟಿ ತಯಾರಿಸಿ ರಕ್ತನಿಧಿಗೆ ಕೊಡಬೇಕೆಂದು ಸಲಹೆ ನೀಡಿದರು."

ಪದಗಳು ನೂರರ ಒಳಗೇ ಇವೆ. ದೀಪ ಬೆಳಗಿಸಿದ್ದು, ಪ್ರಾರ್ಥನೆ, ವೇದಿಕೆಯಲ್ಲಿ ಇದ್ದವರು ಇಲ್ಲ. ವೇದಿಕೆಯವರ ಹೆಸರು ಬೇಕೇ ಬೇಕು ಎಂದು ಘಟಕದವರು ಹೇಳಿದರೆ ಪ್ಯಾರಾದ ಕೊನೆಗೆ ಒಂದು ವಾಕ್ಯ ಸೇರಿಸಿ. ಮೊದಲಿಗೆ ಮಾತ್ರ ಬೇಡ, ಐದು ಹೆಸರು ದಾಟಿ ಮುಂದಕ್ಕೆ ಓದುವವರು ಕಡಿಮೆ.

ಅರವತ್ತು ಪದಕ್ಕೆ ಇಳಿಸಿ ಎಂದರೆ ಮೊದಲು ಹೌಸ್ ಸರ್ಜನ್ ನೆನಪು ಹೋಗಲಿ, ಆಮೇಲೆ ಪಟ್ಟಿಯ ಸಲಹೆ. ದಿನಗಳ ಲೆಕ್ಕವನ್ನು ಕೊನೆಯವರೆಗೂ ಬಿಡಬೇಡಿ. ಅದಿಲ್ಲದಿದ್ದರೆ ದೊಡ್ಡ ಶಿಬಿರ ಸಾಲದು ಎಂಬ ಮಾತಿಗೆ ಕಾರಣವೇ ಇರುವುದಿಲ್ಲ.

ಕೊಡುವ ಮೊದಲು

ಅತಿಥಿ ಕೊನೆಯಲ್ಲಿ ಹೇಳಿದ ವಚನ, ಸುಭಾಷಿತ, ದೊಡ್ಡವರ ಮಾತು ಇವನ್ನು ವರದಿಗೆ ಎತ್ತಿಕೊಳ್ಳುವುದಾದರೆ ಯಾರದ್ದು ಎಂದು ನೋಡಿಕೊಳ್ಳಿ. ವೇದಿಕೆಯಲ್ಲಿ "ಕಾಯಕವೇ ಕೈಲಾಸ ಎಂದು ಬಸವಣ್ಣನವರು ಹೇಳಿದ್ದಾರೆ" ಎಂಬುದು ಪದೇ ಪದೇ ಕೇಳಿಬರುತ್ತದೆ. "ಕಾಯಕವೇ ಕೈಲಾಸವಾದ ಕಾರಣ" ಎಂಬ ಸಾಲಿರುವುದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ. ಮಾತಿನ ಭರದಲ್ಲಿ ಹಾಗೆ ಬಂದಿದ್ದರೆ ತೊಂದರೆ ಇಲ್ಲ, ಅಚ್ಚಿನಲ್ಲಿ ಬಂದರೆ ಅತಿಥಿಗೂ ಮುಜುಗರ, ಸಂಚಿಕೆಗೂ ಮುಜುಗರ. ನಮ್ಮ ಭಾಷಣದಲ್ಲಿ ವಚನ ಒಳಗಿನ ಮಾತಿಗೆ ಸೇರುವುದಿಲ್ಲ, ಹಾಗಾಗಿ ಬಿಟ್ಟಾಯಿತು. ಅಪಘಾತದ ಕತೆಯಲ್ಲಿ ರೋಗಿಯ ಹೆಸರೋ ಊರೋ ಬಂದಿದ್ದರೆ ಅದನ್ನೂ ಬಿಡಬೇಕು. ಸಭೆಯಲ್ಲಿ ಬಾಯಿಮಾತಿಗೆ ಹೇಳಿದ್ದು ಬೇರೆ, ಪುಸ್ತಕದಲ್ಲಿ ಉಳಿಯುವುದು ಬೇರೆ. ಯಾರನ್ನೋ ಆಡಿಕೊಂಡ ಜೋಕಿಗೂ ಇದೇ ಮಾತು.

ಆಮೇಲೆ ಪ್ಯಾರಾವನ್ನು ಅತಿಥಿಗೆ ಕಳಿಸಿ, ಅಧ್ಯಾಪಕರ ಮೂಲಕವೇ. ಜೊತೆಗೆ ಖಚಿತವಾದ ಪ್ರಶ್ನೆ ಇರಲಿ: "ಸರ್, ಕೆಂಪು ರಕ್ತಕಣ 42 ದಿನ, ಪ್ಲೇಟ್‌ಲೆಟ್ 5 ದಿನ ಎಂದು ಬರೆದಿದ್ದೇವೆ, ಸರಿ ಇದೆಯೇ?" ಸುಮ್ನೆ "ನೋಡಿ ತಿಳಿಸಿ" ಎಂದರೆ ಉತ್ತರವೇ ಬರುವುದಿಲ್ಲ, ಇಲ್ಲವೇ ಅವರು ಹೊಸದಾಗಿ ಎರಡು ಪುಟ ಬರೆದು ಕಳಿಸುತ್ತಾರೆ. ಹೇಳದೇ ಇದ್ದದ್ದನ್ನು ಸೇರಿಸಿ ಎಂದು ಅವರು ಕೇಳಿದರೆ ನಯವಾಗಿ ಬೇಡ ಎನ್ನಬಹುದು, ಇದು ಆ ದಿನ ಆಡಿದ ಮಾತಿನ ವರದಿ. ಸಂಗತಿ ತಿದ್ದಿದರೆ ಮರುಮಾತಿಲ್ಲದೆ ಒಪ್ಪಿಕೊಳ್ಳಿ.

ಡಿಟಿಪಿಯಿಂದ ಪ್ರೂಫ್ ಬಂದಾಗ ಮತ್ತೊಮ್ಮೆ ನೋಡುವುದು ನಿಮ್ಮದೇ ಕೆಲಸ. ನೀವು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಹಲವು ಕಡೆ ನುಡಿಯ ಹಳೆಯ ಫಾಂಟಿಗೆ ಬದಲಾಯಿಸುತ್ತಾರೆ. ಆಗ "ಪ್ಲೇಟ್‌ಲೆಟ್" ಹೋಗಿ ಲಕಾರ ಒತ್ತಾಗಿ "ಪ್ಲೇಟ್ಲೆಟ್" ಆಗಬಹುದು, "ರೆಡ್‌ಕ್ರಾಸ್" ಕೂಡ ಹಾಗೆಯೇ ಅಂಟಿಕೊಳ್ಳುತ್ತದೆ. ಅರ್ಕಾವತ್ತು ಇರುವ ಪದಗಳು, ಉದ್ಧರಣ ಚಿಹ್ನೆ, ಅಂಕಿಗಳು, ಈ ಮೂರರ ಮೇಲೆ ಕಣ್ಣಿಡಿ. ಕೈಯಿಂದ ಮತ್ತೆ ಟೈಪ್ ಮಾಡಿದ್ದರೆ 42 ತಿರುಗಿ 24 ಆಗಿರಬಹುದು, ಅದನ್ನು ಯಾವ ಸ್ಪೆಲ್‌ಚೆಕ್ಕೂ ಹಿಡಿಯುವುದಿಲ್ಲ. ಸಂಚಿಕೆ ಅಚ್ಚಾಗಿ ಕೈಗೆ ಬರುವವರೆಗೆ ರೆಕಾರ್ಡಿಂಗನ್ನೂ ಆ ಸಮಯದ ನಕ್ಷೆಯನ್ನೂ ಅಳಿಸಬೇಡಿ. ಯಾರಾದರೂ "ಅವರು ಹಾಗಂದ್ರಾ?" ಎಂದು ಕೇಳಿದರೆ 17:05ಕ್ಕೆ ಹೋಗಿ ಕೇಳಿಸಬಹುದು.